ಖಾತೆ ಅಳಿಸಿದರೂ ಹಣ ಹೋಗುತ್ತಲೇ ಇರುತ್ತದೆ: ಆ್ಯಪ್ ಸ್ಟೋರ್ ಚಂದಾವನ್ನು ಮೊದಲು ರದ್ದು ಮಾಡುವುದು ಹೇಗೆ

ಇಂಗ್ಲಿಷ್ ಕಲಿಸುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ತಿಂಗಳಿಗೆ 399 ರೂಪಾಯಿ ಚಂದಾ, ಪ್ರತಿ ತಿಂಗಳ 18ನೇ ತಾರೀಕು ನವೀಕರಣ. ಚಂದಾದಾರರೊಬ್ಬರಿಗೆ ಆ್ಯಪ್ ಸಾಕೆನಿಸಿತು. ಜುಲೈ 5ರಂದು ಆ್ಯಪ್ ತೆರೆದು, ಸೆಟ್ಟಿಂಗ್ಸ್‌ಗೆ ಹೋಗಿ, Delete account ಒತ್ತಿದರು. 'ನಿಮ್ಮ ಎಲ್ಲ ಮಾಹಿತಿ ಶಾಶ್ವತವಾಗಿ ಅಳಿಸಿಹೋಗುತ್ತದೆ, ಖಚಿತವೇ?' ಎಂದು ಆ್ಯಪ್ ಕೇಳಿತು. ಹೌದು ಎಂದರು. ಆಮೇಲೆ ಫೋನಿನಿಂದ ಆ್ಯಪನ್ನೂ ತೆಗೆದುಹಾಕಿದರು. ಜುಲೈ 17ಕ್ಕೆ ನಾಳೆ 399 ರೂಪಾಯಿ ಕಡಿತವಾಗಲಿದೆ ಎಂಬ ಸಂದೇಶ ಬಂತು. 18ಕ್ಕೆ ಹಣ ಹೋಯಿತು.

ಇದರಲ್ಲಿ ಯಾರೂ ಮೋಸ ಮಾಡಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ. ವ್ಯವಸ್ಥೆ ಇರುವುದೇ ಹಾಗೆ. ಅವರು ಅಳಿಸಿದ್ದು ಒಂದು ಖಾತೆಯನ್ನು, ಹಣ ಹೋಗುತ್ತಿದ್ದದ್ದು ಇನ್ನೊಂದು ಖಾತೆಯಿಂದ.

ಹಳೆಯ ಕಾಲದ ಪತ್ರಿಕೆ ಚಂದಾವನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಪತ್ರಿಕೆ ಅಚ್ಚಾಗುವುದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ. ಮನೆಗೆ ತಂದು ಹಾಕಿ ತಿಂಗಳ ಕೊನೆಗೆ ದುಡ್ಡು ವಸೂಲಿ ಮಾಡುವವನು ನಿಮ್ಮ ಊರಿನ ಏಜೆಂಟ್. 'ನಾನಿನ್ನು ನಿಮ್ಮ ಓದುಗನಲ್ಲ' ಎಂದು ಸಂಪಾದಕರಿಗೆ ಕಾಗದ ಬರೆದರೆ ಏಜೆಂಟನಿಗೆ ಅದು ಹೇಗೆ ಗೊತ್ತಾಗಬೇಕು? ಅವನ ಪುಸ್ತಕದಲ್ಲಿ ನಿಮ್ಮ ಹೆಸರು ಇರುವಷ್ಟು ದಿನ ಬಿಲ್ಲು ಬರುತ್ತಲೇ ಇರುತ್ತದೆ. ಆ್ಯಪ್ ಲೋಕದಲ್ಲಿ ಆ ಏಜೆಂಟ್ ಅಂದರೆ ಗೂಗಲ್ ಪ್ಲೇ ಸ್ಟೋರ್ ಅಥವಾ ಆಪಲ್‌ನ ಆ್ಯಪ್ ಸ್ಟೋರ್.

ಎರಡು ಖಾತೆ, ನಡುವೆ ಒಂದು ಅಂಗಡಿ

ಆ್ಯಪ್‌ನೊಳಗೆ ಮೊಬೈಲ್ ನಂಬರ್ ಅಥವಾ ಇಮೇಲ್ ಕೊಟ್ಟು ಮಾಡಿಕೊಂಡದ್ದು ಆ್ಯಪ್ ಕಂಪನಿಯ ಖಾತೆ. ನಿಮ್ಮ ಪಾಠ, ಅಂಕ, ಫೋಟೊ, ಮಾತುಕತೆ ಎಲ್ಲ ಇರುವುದು ಅಲ್ಲಿ. ಫೋನಿಗೆ ಆ್ಯಪ್ ಇಳಿಸಿಕೊಳ್ಳಲು ಬಳಸುವ ಗೂಗಲ್ ಖಾತೆ ಅಥವಾ ಆಪಲ್ ಖಾತೆ ಬೇರೆ. ಚಂದಾ ಕೊಳ್ಳುವಾಗ ಪ್ಲೇ ಸ್ಟೋರ್‌ನ ಪಾವತಿ ಪುಟ ಕೆಳಗಿನಿಂದ ಮೇಲೆದ್ದು ಬಂದಿದ್ದರೆ, ಅಥವಾ ಐಫೋನಿನ ಪಕ್ಕದ ಗುಂಡಿ ಎರಡು ಸಲ ಒತ್ತಿ ಮುಖ ತೋರಿಸಿದ್ದರೆ ಇಲ್ಲವೇ ಬೆರಳಿಟ್ಟಿದ್ದರೆ, ಚಂದಾ ಬರೆಯಲ್ಪಟ್ಟದ್ದು ಈ ಎರಡನೆಯ ಖಾತೆಯ ಪುಸ್ತಕದಲ್ಲಿ. ಹಣ ವಸೂಲಿ ಮಾಡುವುದು ಸ್ಟೋರ್. ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಅದು ಆ್ಯಪ್ ಕಂಪನಿಗೆ ಕೊಡುತ್ತದೆ. ನಿಮ್ಮ ಯುಪಿಐ ಅಥವಾ ಕಾರ್ಡಿನ ವಿವರ ಆ್ಯಪ್ ಕಂಪನಿಗೆ ತಲುಪುವುದೇ ಇಲ್ಲ.

ಹಾಗಾದರೆ ಖಾತೆ ಅಳಿಸುವಾಗ ಆ್ಯಪ್ ಕಂಪನಿಯೇ ಚಂದಾವನ್ನೂ ನಿಲ್ಲಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಐಫೋನಿನ ಮಟ್ಟಿಗೆ ಉತ್ತರ ಸರಳ: ಅದು ಅವರ ಕೈಯಲ್ಲಿಲ್ಲ. ಗ್ರಾಹಕರ ಸ್ವಯಂ ನವೀಕರಣವನ್ನು ಆ್ಯಪ್ ತಯಾರಕರು ತಾವಾಗಿ ನಿಲ್ಲಿಸುವ ದಾರಿಯನ್ನು ಆಪಲ್ ಕೊಟ್ಟಿಲ್ಲ. ರದ್ದು ಮಾಡುವ ಪುಟವನ್ನು ನಿಮ್ಮ ಮುಂದೆ ತೆರೆದಿಡುವುದಷ್ಟೇ ಅವರಿಂದ ಸಾಧ್ಯ. ಗೂಗಲ್ ಹಾಗಲ್ಲ, ಅಲ್ಲಿ ತಯಾರಕರು ಬಯಸಿದರೆ ತಮ್ಮ ಕಡೆಯಿಂದಲೇ ಚಂದಾ ರದ್ದು ಮಾಡಬಹುದು. ಆದರೆ ಖಾತೆ ಅಳಿಸುವ ಗುಂಡಿಗೆ ಆ ಕೆಲಸವನ್ನೂ ಜೋಡಿಸಿದ್ದಾರೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಕಾಣದ ಮೇಲೆ ಜೋಡಿಸಿಲ್ಲ ಎಂದುಕೊಂಡೇ ನಡೆಯುವುದು ಜಾಣತನ.

ಈ ಗೊಂದಲ ಇತ್ತೀಚೆಗೆ ಹೆಚ್ಚಲು ಒಂದು ಒಳ್ಳೆಯ ನಿಯಮವೂ ಕಾರಣ. ಖಾತೆ ತೆರೆಯಲು ಬಿಡುವ ಆ್ಯಪ್, ಅದನ್ನು ಅಳಿಸುವ ದಾರಿಯನ್ನೂ ಆ್ಯಪ್‌ನೊಳಗೇ ಕೊಡಬೇಕು ಎಂದು 2022ರ ಜೂನ್ 30ರಿಂದ ಆಪಲ್ ಕಡ್ಡಾಯ ಮಾಡಿತು. ಗೂಗಲ್ ಕೂಡ ಆಮೇಲೆ ಇಂಥದ್ದೇ ನಿಯಮ ತಂದಿತು. ಮೊದಲು ಖಾತೆ ಅಳಿಸಬೇಕೆಂದರೆ ಇಮೇಲ್ ಬರೆದು ಕಾಯಬೇಕಿತ್ತು. ಈಗ ಎರಡು ಒತ್ತಿಗೆ ಕೆಲಸ ಮುಗಿಯುತ್ತದೆ, ಚಂದಾದ ನೆನಪಾಗುವಷ್ಟೂ ಹೊತ್ತು ಸಿಗುವುದಿಲ್ಲ. ಚಂದಾ ಇದ್ದರೆ ಅದರ ಬಿಲ್ಲು ಮುಂದುವರಿಯುತ್ತದೆ ಎಂದು ಗ್ರಾಹಕರಿಗೆ ತಿಳಿಸಿ ಎಂದು ಆಪಲ್ ತಯಾರಕರಿಗೆ ಹೇಳುತ್ತದೆ. ಕೆಲವು ಆ್ಯಪ್‌ಗಳು ಅದನ್ನು ದೊಡ್ಡದಾಗಿಯೇ ತೋರಿಸುತ್ತವೆ, ಕೆಲವು ಬೂದುಬಣ್ಣದ ಸಣ್ಣಕ್ಷರದ ಒಂದು ಸಾಲಿನಲ್ಲಿ ಮುಗಿಸುತ್ತವೆ.

ಮೊದಲು ರಸೀದಿ ಹುಡುಕಿ

ರದ್ದು ಮಾಡಲು ಹೊರಡುವ ಮುನ್ನ ಚಂದಾ ಯಾರ ಪುಸ್ತಕದಲ್ಲಿದೆ ಎಂದು ತಿಳಿಯಬೇಕು. ಇದಕ್ಕೆ ನೆನಪನ್ನು ನಂಬಬೇಡಿ, ಇಮೇಲ್ ನೋಡಿ. ಗೂಗಲ್ ಪ್ಲೇ ಮೂಲಕ ಕೊಂಡಿದ್ದರೆ `Google Play Order Receipt` ಎಂಬ ಶೀರ್ಷಿಕೆಯ ಪತ್ರ ಇರುತ್ತದೆ. ಅದರೊಳಗಿನ ಆರ್ಡರ್ ಸಂಖ್ಯೆ `GPA.` ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಆಪಲ್ ಮೂಲಕ ಆಗಿದ್ದರೆ `receipt from Apple` ಅಥವಾ `invoice from Apple` ಎಂದು ಹುಡುಕಿ. ಎರಡೂ ಸಿಗದೆ, ಆ್ಯಪ್ ಕಂಪನಿಯೇ ಕಳಿಸಿದ ಬಿಲ್ಲು ಸಿಕ್ಕಿದರೆ ನೀವು ಅವರ ವೆಬ್‌ಸೈಟಿನಲ್ಲಿ ನೇರವಾಗಿ ಹಣ ಕಟ್ಟಿದ್ದೀರಿ ಎಂದರ್ಥ. ಅದನ್ನು ಸ್ಟೋರ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು, ಅವರ ಸೈಟಿನಲ್ಲಿಯೇ ರದ್ದು ಮಾಡಬೇಕು.

ಈ ರಸೀದಿ ಯಾವ ಇಮೇಲ್ ವಿಳಾಸಕ್ಕೆ ಬಂದಿದೆ ಎಂಬುದನ್ನೂ ಗಮನಿಸಿ. ಮುಂದೆ ಸಿಗುವ ತೊಡಕುಗಳಲ್ಲಿ ಅರ್ಧದಷ್ಟು ಬಿಡಿಸಿಕೊಳ್ಳುವುದು ಆ ಒಂದು ವಿಳಾಸದಿಂದಲೇ.

ಆಂಡ್ರಾಯ್ಡ್ ಫೋನಿನಲ್ಲಿ

ಪ್ಲೇ ಸ್ಟೋರ್ ತೆರೆದು ಮೇಲೆ ಬಲಮೂಲೆಯಲ್ಲಿರುವ ನಿಮ್ಮ ಚಿತ್ರ ಅಥವಾ ಅಕ್ಷರವಿರುವ ದುಂಡನೆಯ ಗುರುತನ್ನು ಒತ್ತಿ. ಅಲ್ಲಿ Payments & subscriptions, ಅದರೊಳಗೆ Subscriptions. ಚಾಲ್ತಿಯಲ್ಲಿರುವ ಚಂದಾಗಳೆಲ್ಲ ಅಲ್ಲಿರುತ್ತವೆ. ಬೇಡವಾದದ್ದನ್ನು ಒತ್ತಿದರೆ ಮುಂದಿನ ಕಡಿತದ ದಿನ, ಮೊತ್ತ, ಹಣ ಯಾವುದರಿಂದ ಹೋಗುತ್ತದೆ ಎಂಬ ವಿವರ, ಎಲ್ಲಕ್ಕಿಂತ ಕೆಳಗೆ Cancel subscription ಕಾಣುತ್ತದೆ. ಒತ್ತಿದ ಮೇಲೆ ಯಾಕೆ ಬಿಡುತ್ತಿದ್ದೀರಿ ಎಂದು ಕೇಳುತ್ತದೆ. ಯಾವುದನ್ನು ಆರಿಸಿದರೂ ನಡೆಯುತ್ತದೆ. ಕೊನೆಯಲ್ಲಿ ಇನ್ನೊಮ್ಮೆ Cancel subscription ಎಂಬ ಗುಂಡಿ ಬರುತ್ತದೆ. ಕಾರಣ ಹೇಳಿದಾಗಲೇ ಕೆಲಸ ಮುಗಿಯಿತೆಂದುಕೊಂಡು ಇಲ್ಲಿಂದ ಹಿಂದಕ್ಕೆ ಬಂದುಬಿಡುವವರು ಬಹಳ. ಈ ಕೊನೆಯ ಗುಂಡಿ ಒತ್ತದಿದ್ದರೆ ಏನೂ ಆಗಿರುವುದಿಲ್ಲ.

ಕೆಲವು ಆ್ಯಪ್‌ಗಳಲ್ಲಿ ರದ್ದಿನ ಬದಲು Pause ಎಂಬ ಆಯ್ಕೆ ಕಾಣಿಸುತ್ತದೆ. ಖಾತೆ ಅಳಿಸಲು ಹೊರಟವರು ಅದನ್ನು ಮುಟ್ಟಬಾರದು. ಅದು ತಾತ್ಕಾಲಿಕ ವಿರಾಮ, ನೀವು ಆರಿಸಿದ ಅವಧಿ ಮುಗಿದೊಡನೆ ಚಂದಾ ತಾನಾಗಿ ಎದ್ದು ಕೂರುತ್ತದೆ. ಅಷ್ಟು ಹೊತ್ತಿಗೆ ಆ್ಯಪ್‌ನ ಖಾತೆಯೂ ಇರುವುದಿಲ್ಲ, ಆ ಆ್ಯಪ್ ಇತ್ತೆಂಬ ನೆನಪೂ ನಿಮಗೆ ಇರುವುದಿಲ್ಲ.

ಫೋನ್ ಕೈಯಲ್ಲಿರಲೇಬೇಕೆಂದೇನೂ ಇಲ್ಲ. ಯಾವುದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಅದೇ ಗೂಗಲ್ ಖಾತೆಯಿಂದ ಲಾಗಿನ್ ಆಗಿ `play.google.com/store/account/subscriptions` ತೆರೆದರೂ ಇದೇ ಪಟ್ಟಿ ಸಿಗುತ್ತದೆ. ಈ ವಿಳಾಸವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ್ಯಪನ್ನು ಫೋನಿನಿಂದ ತೆಗೆದುಹಾಕುವುದು ಇದ್ಯಾವುದಕ್ಕೂ ಸಮವಲ್ಲ. ಚಂದಾ ಇರುವ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಚಂದಾ ಇನ್ನೂ ಇದೆಯೆಂದು ಪ್ಲೇ ಸ್ಟೋರ್ ಎಚ್ಚರಿಸುವುದುಂಟು. ಆದರೆ ಎಚ್ಚರಿಕೆ ಕಂಡ ಕೂಡಲೇ ಅದನ್ನು ಸರಿಸುವುದೇ ನಮ್ಮೆಲ್ಲರ ಅಭ್ಯಾಸ.

ಐಫೋನಿನಲ್ಲಿ

ಐಫೋನಿನಲ್ಲಿ Settings ತೆರೆದು ಎಲ್ಲಕ್ಕಿಂತ ಮೇಲಿರುವ ನಿಮ್ಮ ಹೆಸರನ್ನು ಒತ್ತಿ, Subscriptions ಗೆ ಹೋಗಿ. ಬೇಕಾದ ಚಂದಾವನ್ನು ತೆರೆದು ಕೆಳಗಿರುವ Cancel Subscription ಒತ್ತಿ ಖಚಿತಪಡಿಸಿ. ಆ ಗುಂಡಿಯೇ ಇಲ್ಲದಿದ್ದರೆ, ಅಥವಾ ಅವಧಿ ಮುಗಿಯುವ ದಿನ ಕೆಂಪಕ್ಷರದಲ್ಲಿ ಬರೆದಿದ್ದರೆ, ಅದು ಆಗಲೇ ರದ್ದಾಗಿದೆ ಎಂದು ತಿಳಿಯಿರಿ. ಐಫೋನ್ ಮಾರಿದ್ದೀರಿ, ಮನೆಯಲ್ಲಿ ಆಪಲ್‌ನ ಇನ್ನಾವ ಸಾಧನವೂ ಇಲ್ಲ ಎಂದಾದರೆ ವಿಂಡೋಸ್ ಕಂಪ್ಯೂಟರಿಗೆ ಆಪಲ್ ಮ್ಯೂಸಿಕ್ ಅಥವಾ ಆಪಲ್ ಟಿವಿ ಆ್ಯಪ್ ಹಾಕಿಕೊಂಡು, ಅದೇ ಆಪಲ್ ಖಾತೆಯಿಂದ ಲಾಗಿನ್ ಆಗಿ, ಪಕ್ಕದ ಪಟ್ಟಿಯ ಕೆಳಗೆ ನಿಮ್ಮ ಹೆಸರು ಒತ್ತಿ View My Account ಮೂಲಕ ಚಂದಾಗಳ ಪಟ್ಟಿಗೆ ಹೋಗಬಹುದು.

ಇಲ್ಲಿ ಗಡಿಯಾರದ ಲೆಕ್ಕ ಬಹಳ ಮುಖ್ಯ. ಉಚಿತ ಪ್ರಯೋಗದ ಅವಧಿಯಲ್ಲಿದ್ದರೆ ಅದು ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ರದ್ದು ಮಾಡಿ ಎಂದು ಆಪಲ್ ಹೇಳುತ್ತದೆ. ಕಾರಣ, ಮುಂದಿನ ಅವಧಿಯ ಹಣವನ್ನು ಈಗಿನ ಅವಧಿ ಮುಗಿಯುವ ಕೊನೆಯ 24 ಗಂಟೆಯೊಳಗೇ ಹಿಡಿಯಲಾಗುತ್ತದೆ. ಭಾನುವಾರ ರಾತ್ರಿ 9ಕ್ಕೆ ಏಳು ದಿನದ ಪ್ರಯೋಗ ಶುರು ಮಾಡಿದವರು ಮುಂದಿನ ಭಾನುವಾರ ಮಧ್ಯಾಹ್ನ ರದ್ದು ಮಾಡಲು ಕುಳಿತರೆ ಹಣ ಆಗಲೇ ಹೋಗಿರಬಹುದು. ಶನಿವಾರ ರಾತ್ರಿ 9ಕ್ಕೆ ಮೊದಲೇ ಮುಗಿಸಿರಬೇಕಿತ್ತು. ಆಂಡ್ರಾಯ್ಡ್‌ನಲ್ಲಿಯೂ ಕೊನೆಯ ದಿನದವರೆಗೆ ಕಾಯಬೇಡಿ, ಎರಡು ಮೂರು ದಿನ ಮುಂಚೆಯೇ ಮುಗಿಸಿಕೊಳ್ಳಿ.

ಅಷ್ಟು ಮುಂಚೆ ರದ್ದು ಮಾಡಿದರೆ ಉಳಿದ ದಿನಗಳು ವ್ಯರ್ಥವಲ್ಲವೇ? ಅಲ್ಲ. ಹಣ ಕಟ್ಟಿದ ಚಂದಾವನ್ನು ಸ್ಟೋರ್‌ನಲ್ಲಿ ರದ್ದು ಮಾಡುವುದೆಂದರೆ ಮುಂದಿನ ಕಡಿತವನ್ನು ನಿಲ್ಲಿಸುವುದು ಮಾತ್ರ. ಕಟ್ಟಿದ ಅವಧಿ ಮುಗಿಯುವವರೆಗೂ ಸೌಲಭ್ಯ ಇದ್ದೇ ಇರುತ್ತದೆ. ಉಚಿತ ಪ್ರಯೋಗದಲ್ಲಿ ಮಾತ್ರ ಕೆಲವೊಮ್ಮೆ ರದ್ದು ಮಾಡಿದ ತಕ್ಷಣ ಸೌಲಭ್ಯ ನಿಲ್ಲಬಹುದು, ಹಾಗಿದ್ದರೆ ಖಚಿತಪಡಿಸುವ ಮುನ್ನ ತೆರೆಯ ಮೇಲೆಯೇ ಬರೆದಿರುತ್ತದೆ. ಖಾತೆ ಅಳಿಸುವುದು ಇದಕ್ಕೆ ತಿರುಗುಮುರುಗು. ಅದು ಸೌಲಭ್ಯವನ್ನು ಈಗಲೇ ಕಿತ್ತುಕೊಳ್ಳುತ್ತದೆ, ಕಡಿತವನ್ನು ಮಾತ್ರ ಹಾಗೆಯೇ ಬಿಡುತ್ತದೆ. ಮೊದಲು ಹೇಳಿದ ಚಂದಾದಾರರು ಜುಲೈ 5ಕ್ಕೆ ಖಾತೆ ಅಳಿಸಿದಾಗ ಹಣ ಕಟ್ಟಿದ್ದ ಹದಿಮೂರು ದಿನಗಳನ್ನು ಕಳೆದುಕೊಂಡರು, ಅದರ ಮೇಲೆ ಇನ್ನೊಂದು ತಿಂಗಳಿಗೂ ಹಣ ತೆತ್ತರು.

ರದ್ದಾಗಿದೆ ಎಂದು ನಂಬುವುದು ಯಾವಾಗ

ಎರಡು ಗುರುತು ಸಿಗಬೇಕು. ಒಂದು, ಚಂದಾ ಪಟ್ಟಿಗೆ ಮರಳಿ ಹೋಗಿ ನೋಡಿದಾಗ ಆ ಆ್ಯಪ್‌ನ ಎದುರು ನವೀಕರಣದ ದಿನದ ಬದಲು ಅವಧಿ ಮುಗಿಯುವ ದಿನ ಬರೆದಿರಬೇಕು. 'Renews' ಇದ್ದ ಜಾಗದಲ್ಲಿ 'Expires' ಎಂಬ ಮಾತು, ಅಥವಾ ರದ್ದಾಗಿದೆ ಎಂಬ ಸೂಚನೆ. ಇನ್ನೊಂದು, ಸ್ಟೋರ್‌ನಿಂದ ಇಮೇಲ್. ಪಟ್ಟಿಯ ಆ ತೆರೆಯನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ವ್ಯಾಜ್ಯ ಬಂದರೆ ಆ ಇಮೇಲ್ ಜೊತೆಗೆ ಅದೂ ಸಾಕ್ಷಿಯಾಗುತ್ತದೆ.

ಇಷ್ಟಾದ ಮೇಲೆಯೇ ಆ್ಯಪ್‌ನ ಖಾತೆಯತ್ತ ಹೋಗಬೇಕು. ಬೇಕಾದ ಮಾಹಿತಿ ಇಳಿಸಿಕೊಳ್ಳಿ, ಅವಧಿ ಮುಗಿಯುವವರೆಗೆ ಬಳಸಬೇಕೆನಿಸಿದರೆ ಬಳಸಿ, ಆಮೇಲೆ ಖಾತೆ ಅಳಿಸಿ. ಇವತ್ತೇ ಅಳಿಸಬೇಕೆಂದರೂ ಅಡ್ಡಿಯಿಲ್ಲ, ಉಳಿದ ದಿನಗಳ ಹಣ ಮರಳಿ ಬರುವುದಿಲ್ಲ ಅಷ್ಟೇ.

ಆಟೊಪೇ ನಿಲ್ಲಿಸಿದರೆ ಸಾಲದೇ?

ನಮ್ಮ ದೇಶದಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಮರುಕಳಿಸುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್ 1ರಿಂದ ಬಿಗಿಯಾದವು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು, ಕೊಟ್ಟ ಒಪ್ಪಿಗೆಯನ್ನು ಗ್ರಾಹಕರು ಯಾವಾಗ ಬೇಕಾದರೂ ಹಿಂಪಡೆಯಲು ಅವಕಾಶ ಇರಬೇಕು. ಪ್ರತಿ ಸಲ ಒಟಿಪಿ ಕೇಳದೆ ಹಣ ಹೋಗಬಹುದಾದ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಸಾಮಾನ್ಯ ಆ್ಯಪ್ ಚಂದಾಗಳೆಲ್ಲ ಈ ಮಿತಿಯೊಳಗೇ ಇರುವುದರಿಂದ ನಿಮ್ಮನ್ನು ಕೇಳದೆಯೇ ಹಣ ಹೋಗುತ್ತದೆ. ನಿಮಗೆ ದಕ್ಕುವುದು ಹಿಂದಿನ ದಿನದ ಸಂದೇಶ ಮಾತ್ರ.

ಯುಪಿಐ ಆ್ಯಪ್‌ನಲ್ಲಿ ನಿಮ್ಮ ಪ್ರೊಫೈಲ್ ತೆರೆದು Autopay ಎಂಬಲ್ಲಿಗೆ ಹೋದರೆ ಇಂಥ ಒಪ್ಪಿಗೆಗಳ ಪಟ್ಟಿ ಸಿಗುತ್ತದೆ. ಅದಕ್ಕೇ ಮ್ಯಾಂಡೇಟ್ ಎನ್ನುವುದು. ಅಲ್ಲಿ ಅದನ್ನು ರದ್ದು ಮಾಡಿದರೆ ಆ ಬ್ಯಾಂಕ್ ಖಾತೆಯಿಂದ ಹಣ ಹೋಗುವುದು ನಿಲ್ಲುತ್ತದೆ, ನಿಜ. ಚಂದಾ ಮಾತ್ರ ಸ್ಟೋರ್‌ನ ಪುಸ್ತಕದಲ್ಲಿ ಉಳಿದಿರುತ್ತದೆ. ಸ್ಟೋರ್‌ನ ಕಣ್ಣಿಗೆ ನೀವು ಚಂದಾ ಬಿಟ್ಟವರಲ್ಲ, ಬಾಕಿ ಉಳಿಸಿಕೊಂಡವರು. ಏಜೆಂಟ್ ಬಂದಾಗ ಬಾಗಿಲು ತೆರೆಯದಿದ್ದರೆ ಅವನು ನಾಳೆ ಮತ್ತೆ ಬರುವುದಿಲ್ಲವೇ, ಹಾಗೆಯೇ ಇದೂ. ಆಪಲ್ ಸುಮಾರು 60 ದಿನಗಳವರೆಗೆ ಹಣ ಪಡೆಯುವ ಯತ್ನ ಮುಂದುವರಿಸಬಹುದು. ನಿಮ್ಮ ಆಪಲ್ ಖಾತೆಯಲ್ಲಿ ಒಂದಕ್ಕಿಂತ ಹೆಚ್ಚು ಪಾವತಿ ವಿಧಾನಗಳಿದ್ದರೆ ಮೊದಲನೆಯದು ಸೋತಾಗ ಮುಂದಿನದನ್ನು ಪ್ರಯತ್ನಿಸುತ್ತದೆ. ಬಾಕಿ ಉಳಿದರೆ ಬೇರೆ ಆ್ಯಪ್ ಇಳಿಸಿಕೊಳ್ಳಲೂ ತೊಡಕಾಗಬಹುದು. ಗೂಗಲ್ ಪ್ಲೇಯಲ್ಲಿ ಚಂದಾಕ್ಕೆ ಬದಲಿ ಪಾವತಿ ವಿಧಾನ ಕೊಟ್ಟಿದ್ದರೆ ಅದರಿಂದ ಹಣ ಹಿಡಿಯುತ್ತದೆ. ಕೊಡದಿದ್ದರೆ ಚಂದಾ ಕೆಲವು ದಿನ ತಡೆಹಿಡಿದ ಸ್ಥಿತಿಯಲ್ಲಿ ಇರುತ್ತದೆ. ಆ ಅವಧಿಯಲ್ಲಿ ಬೇರಾವುದೋ ಕಾರಣಕ್ಕೆ ನೀವು ಪಾವತಿ ವಿಧಾನ ಸರಿಪಡಿಸಿದರೆ ಹಳೆಯ ಚಂದಾ ಮತ್ತೆ ಜೀವ ತಳೆಯುತ್ತದೆ.

ಹಾಗಾಗಿ ಮೊದಲು ಸ್ಟೋರ್‌ನಲ್ಲಿ ಚಂದಾ ರದ್ದು. ಆಮೇಲೆ ಬೇಕಿದ್ದರೆ ಮ್ಯಾಂಡೇಟ್ ಪಟ್ಟಿಯನ್ನೂ ನೋಡಿ, ಅಲ್ಲಿ ಉಳಿದಿದ್ದರೆ ತೆಗೆಯಿರಿ. ಅದು ಎರಡನೆಯ ಬೀಗ, ಮೊದಲನೆಯ ಬೀಗದ ಬದಲಿಗಲ್ಲ.

ಹಿಂದಿನ ದಿನದ ಸಂದೇಶವನ್ನೇ ನಂಬಿ ಕೂರುವವರಿಗೆ ಇನ್ನೊಂದು ಮಾತು. ಗಿಫ್ಟ್ ಕೋಡ್ ಹಾಕಿದ್ದರಿಂದಲೋ ಮೊದಲೇ ಹಣ ತುಂಬಿದ್ದರಿಂದಲೋ ನಿಮ್ಮ ಗೂಗಲ್ ಪ್ಲೇ ಅಥವಾ ಆಪಲ್ ಖಾತೆಯಲ್ಲಿ ಬ್ಯಾಲೆನ್ಸ್ ಇದ್ದು ಚಂದಾ ಅದರಿಂದ ಹೋಗುತ್ತಿದ್ದರೆ, ಬ್ಯಾಂಕ್ ಈ ವ್ಯವಹಾರದಲ್ಲಿ ಇರುವುದೇ ಇಲ್ಲ. ಬ್ಯಾಂಕಿನ ಸಂದೇಶ ಬರುವುದಿಲ್ಲ, ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಬ್ಯಾಲೆನ್ಸ್ ಸದ್ದಿಲ್ಲದೆ ಕರಗುತ್ತದೆ, ಸ್ಟೋರ್‌ನ ರಸೀದಿ ಇಮೇಲ್ ಒಂದೇ ಅದರ ಸುಳಿವು.

ಪಟ್ಟಿಯಲ್ಲಿ ಚಂದಾ ಕಾಣದಿದ್ದರೆ

ಹಣ ಹೋಗುತ್ತಿದೆ, ಆದರೆ Subscriptions ಪುಟ ಖಾಲಿ. ಇದಕ್ಕೆ ಸಾಮಾನ್ಯ ಕಾರಣ, ಒಂದೇ ಫೋನಿನಲ್ಲಿ ಎರಡು ಮೂರು ಗೂಗಲ್ ಖಾತೆಗಳಿರುವುದು. ಆಫೀಸಿನದೊಂದು, ಸ್ವಂತದ್ದೊಂದು, ಫೋನ್ ಕೊಂಡಾಗ ಮಗ ಮಾಡಿಕೊಟ್ಟದ್ದು ಇನ್ನೊಂದು. ಪ್ಲೇ ಸ್ಟೋರ್ ಒಂದು ಸಲಕ್ಕೆ ಒಂದು ಖಾತೆಯ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಮೂಲೆಯ ದುಂಡನೆಯ ಗುರುತನ್ನು ಒತ್ತಿ ಖಾತೆ ಬದಲಿಸಿ ಮತ್ತೆ ನೋಡಿ. ರಸೀದಿ ಯಾವ ಇಮೇಲಿಗೆ ಬಂದಿತ್ತು ಎಂದು ಮೊದಲೇ ನೋಡಿಟ್ಟುಕೊಂಡಿದ್ದರೆ ಈ ಹುಡುಕಾಟವೇ ಬೇಡ.

ಎರಡನೆಯ ಕಾರಣ ಫೋನ್ ಬದಲಾವಣೆ. ಆಂಡ್ರಾಯ್ಡ್‌ನಲ್ಲಿ ಚಂದಾ ಕೊಂಡವರು ಆಮೇಲೆ ಐಫೋನಿಗೆ ಬಂದಿರುತ್ತಾರೆ. ಅದೇ ಆ್ಯಪ್, ಅದೇ ಲಾಗಿನ್, ಸೌಲಭ್ಯಗಳೂ ಹಾಗೆಯೇ ಸಿಗುತ್ತಿರುತ್ತವೆ. ಆದ್ದರಿಂದ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತಾರೆ. ಸಿಗುವುದಿಲ್ಲ, ಯಾಕೆಂದರೆ ಚಂದಾ ಇಂದಿಗೂ ಗೂಗಲ್ ಪುಸ್ತಕದಲ್ಲಿದೆ. ಮೇಲೆ ಬರೆದಿಟ್ಟುಕೊಳ್ಳಿ ಎಂದ ಬ್ರೌಸರ್ ವಿಳಾಸ ಬೇಕಾಗುವುದು ಇಲ್ಲಿ.

ಮೂರನೆಯದು ಕುಟುಂಬ. ಆಪಲ್‌ನ ಫ್ಯಾಮಿಲಿ ಶೇರಿಂಗ್‌ನಲ್ಲಿ ಖರೀದಿ ಹಂಚಿಕೆ ಆನ್ ಆಗಿದ್ದರೆ ಮಗಳು ಕೊಂಡ ಚಂದಾದ ಹಣ ಗುಂಪಿನ ಯಜಮಾನರಾದ ಅಪ್ಪನ ಪಾವತಿ ವಿಧಾನದಿಂದ ಹೋಗುತ್ತದೆ. ಅಪ್ಪನ ಪಟ್ಟಿಯಲ್ಲಿ ಚಂದಾ ಕಾಣದು, ಅಪ್ಪನಿಗೆ ಅದನ್ನು ರದ್ದು ಮಾಡಲೂ ಬಾರದು. ಮಗಳ ಖಾತೆಯಿಂದಲೇ ಆಗಬೇಕು.

ನಾಲ್ಕನೆಯದು ಭಾರತದಲ್ಲಿ ಕೆಲವು ವರ್ಷಗಳಿಂದ ಸೇರಿಕೊಂಡದ್ದು. ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಕೊಟ್ಟ ಆದೇಶದ ನಂತರ ಇಲ್ಲಿನ ಪ್ಲೇ ಸ್ಟೋರ್ ಆ್ಯಪ್‌ಗಳು ಗೂಗಲ್ ಪ್ಲೇ ಬಿಲ್ಲಿಂಗ್ ಜೊತೆಗೆ ತಮ್ಮದೇ ಪಾವತಿ ವ್ಯವಸ್ಥೆಯನ್ನೂ ತೋರಿಸಬಹುದು. ಹಣ ಕಟ್ಟುವಾಗ ಎರಡು ಆಯ್ಕೆ ಕಂಡು, ಗೂಗಲ್ ಅಲ್ಲದ್ದನ್ನು ನೀವು ಆರಿಸಿದ್ದರೆ ಚಂದಾ ಆ್ಯಪ್ ಕಂಪನಿಯ ಕೈಯಲ್ಲೇ ಇದೆ. ಆಗ ರದ್ದಿನ ಗುಂಡಿ ಆ್ಯಪ್‌ನೊಳಗೆ ಅಥವಾ ಅವರ ವೆಬ್‌ಸೈಟಿನಲ್ಲಿ ಇರುತ್ತದೆ, ಅದನ್ನು ಒತ್ತಲು ಆ್ಯಪ್‌ನ ಖಾತೆ ಬೇಕೇ ಬೇಕು. ಖಾತೆ ಅಳಿಸುವ ಮೊದಲು ರದ್ದು ಎಂಬ ಕ್ರಮ ತಪ್ಪಿದರೆ ಇಲ್ಲಿ ಪೆಟ್ಟು ಜೋರು. ಸ್ಟೋರ್‌ನ ಚಂದಾವನ್ನಾದರೆ ಆಮೇಲೂ ರದ್ದು ಮಾಡಬಹುದು, ಇದನ್ನು ಅವರ ಗ್ರಾಹಕ ಸೇವೆಗೆ ಬರೆದೇ ಬಿಡಿಸಿಕೊಳ್ಳಬೇಕು.

ಆಗಲೇ ಅಳಿಸಿಬಿಟ್ಟಿದ್ದರೆ

ಗಾಬರಿ ಬೇಡ. ಸ್ಟೋರ್ ಚಂದಾ ರದ್ದು ಮಾಡಲು ಆ್ಯಪ್ ಬೇಕಿಲ್ಲ, ಆ್ಯಪ್‌ನ ಖಾತೆಯೂ ಬೇಕಿಲ್ಲ. ಮೇಲಿನ ದಾರಿಯಲ್ಲೇ ನೇರ ಸ್ಟೋರ್‌ಗೆ ಹೋಗಿ. ಆ್ಯಪ್ ಮತ್ತೆ ಹಾಕಿಕೊಂಡು ಹೊಸ ಖಾತೆ ತೆರೆಯುವ ಸಾಹಸ ಈ ಕೆಲಸಕ್ಕೆ ಅನಗತ್ಯ.

ಹೊಸ ಖಾತೆ ಉಪಯೋಗಕ್ಕೆ ಬರುವುದು ಒಂದೇ ಸಂದರ್ಭದಲ್ಲಿ. ಇಡೀ ವರ್ಷದ ಹಣ ಕಟ್ಟಿ ತಿಂಗಳಿಗೇ ಖಾತೆ ಅಳಿಸಿದ್ದೀರಿ, ಈಗ ಉಳಿದ ಹನ್ನೊಂದು ತಿಂಗಳು ಬೇಕೆನಿಸುತ್ತಿದೆ ಎಂದಾದರೆ, ಅದೇ ಗೂಗಲ್ ಅಥವಾ ಆಪಲ್ ಖಾತೆ ಇರುವ ಫೋನಿನಲ್ಲಿ ಆ್ಯಪ್ ಹಾಕಿ, ಹೊಸ ಖಾತೆ ತೆರೆದು Restore purchase ಎಂಬುದನ್ನು ಒತ್ತಿ ನೋಡಿ. ಸ್ಟೋರ್‌ನಲ್ಲಿ ಜೀವಂತವಿರುವ ಚಂದಾವನ್ನು ಆ್ಯಪ್ ಗುರುತಿಸಿ ಹೊಸ ಖಾತೆಗೆ ಅಂಟಿಸಬಹುದು. ಎಲ್ಲ ಆ್ಯಪ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ಕೆಲವು ಹಳೆಯ ಖಾತೆಗೆ ಕಟ್ಟಿಹಾಕಿದ ಚಂದಾವನ್ನು ಬಿಟ್ಟುಕೊಡುವುದೇ ಇಲ್ಲ.

ಹೋದ ಹಣದ ವಿಷಯದಲ್ಲಿ ಎಷ್ಟು ಬೇಗ ಕೇಳುತ್ತೀರಿ ಎಂಬುದೇ ಮುಖ್ಯ. ಗೂಗಲ್ ಪ್ಲೇಯಲ್ಲಿ ಕಡಿತವಾಗಿ 48 ಗಂಟೆ ಕಳೆದಿರದಿದ್ದರೆ ಗೂಗಲ್‌ಗೇ ಮರುಪಾವತಿ ಕೇಳಿ, ಅದು ದಾಟಿದ್ದರೆ ಆ್ಯಪ್ ತಯಾರಕರಿಗೆ ಬರೆಯುವಂತೆ ಗೂಗಲ್ ಹೇಳುತ್ತದೆ. ಪತ್ರದಲ್ಲಿ `GPA.` ಸಂಖ್ಯೆ ಇರಲಿ. ಖಾತೆ ಅಳಿಸಿಹೋಗಿರುವುದರಿಂದ ನಿಮ್ಮನ್ನು ಗುರುತಿಸಲು ಅವರ ಬಳಿ ಉಳಿದಿರುವ ಎಳೆ ಅದೊಂದೇ. ಆಪಲ್‌ನಲ್ಲಿ `reportaproblem.apple.com` ತೆರೆದು ಲಾಗಿನ್ ಆಗಿ, Request a refund ಆರಿಸಿ, ಕಾರಣ ಹೇಳಿ, ಖರೀದಿಗಳ ಪಟ್ಟಿಯಿಂದ ಆ ಕಡಿತವನ್ನು ಗುರುತಿಸಿ ಕಳಿಸಿ. ಅಲ್ಲಿ ನಿರ್ಧಾರ ಆಪಲ್‌ನದು, ತಯಾರಕರಿಗೆ ಬರೆದು ಪ್ರಯೋಜನವಿಲ್ಲ. ಎರಡೂ ಕಡೆ ಮರುಪಾವತಿ ಖಾತ್ರಿಯೇನಲ್ಲ. ಇನ್ನೊಂದು ಎಚ್ಚರ: ಮರುಪಾವತಿ ಕೇಳಿದ ಮಾತ್ರಕ್ಕೆ ಮುಂದಿನ ತಿಂಗಳ ಕಡಿತ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಮೊದಲು ರದ್ದು ಮಾಡಿ, ಅದೇ ಕೂತಲ್ಲಿ ಮರುಪಾವತಿ ಕೇಳಿ.

ಆ್ಯಪ್ ಕಂಪನಿಯೇ ನೇರವಾಗಿ ವಸೂಲಿ ಮಾಡುವ ಚಂದಾದಲ್ಲಿ ರದ್ದಿನ ಗುಂಡಿ ಬೇಕೆಂದೇ ಬಚ್ಚಿಟ್ಟಿದ್ದರೆ ಅದು ಬೇರೆ ಪ್ರಕರಣ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿದೆ. ಚಂದಾ ಬಿಡುವುದನ್ನು ಅಸಾಧ್ಯ ಅಥವಾ ಗೋಜಲು ಮಾಡುವುದು ಅವುಗಳಲ್ಲೊಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇನ್ನು ಆ್ಯಪ್‌ನದಲ್ಲ, ಗೂಗಲ್ ಖಾತೆಯನ್ನೇ ಅಥವಾ ಆಪಲ್ ಖಾತೆಯನ್ನೇ ಮುಚ್ಚಲು ಹೊರಟಿದ್ದರೆ ಮೊದಲು ಪಟ್ಟಿಯಲ್ಲಿರುವ ಒಂದೊಂದು ಚಂದಾವನ್ನೂ ರದ್ದು ಮಾಡಿ, ರಸೀದಿಗಳನ್ನು ಬೇರೆ ಇಮೇಲಿಗೆ ಕಳಿಸಿಕೊಳ್ಳಿ. ಆ ಬಾಗಿಲು ಮುಚ್ಚಿದ ಮೇಲೆ ಆರ್ಡರ್ ಸಂಖ್ಯೆ ನೋಡಲೂ ಒಳಗೆ ಹೋಗಲಾಗದು.

ಜುಲೈ 17ರ ಸಂದೇಶಕ್ಕೆ ಮರಳಿದರೆ, ಆ ಚಂದಾದಾರರು ಅದನ್ನು ಓದಿದ ಕೂಡಲೇ ಸ್ಟೋರ್ ಪಟ್ಟಿಗೆ ಹೋಗಿದ್ದರೆ 399 ರೂಪಾಯಿ ಉಳಿಯುವ ಸಾಧ್ಯತೆ ಇತ್ತು. ಕಡಿತದ ಪ್ರಕ್ರಿಯೆ ಆಗಲೇ ಶುರುವಾಗಿದ್ದರೆ 18ಕ್ಕೆ ಹಣ ಹೋಗಿಯೇ ಹೋಗುತ್ತಿತ್ತು. ಚಂದಾ ಗೂಗಲ್ ಪ್ಲೇ ಮೂಲಕ ಕೊಂಡದ್ದಾದರೆ, ಆಗ 48 ಗಂಟೆಯ ಗಡುವು ಮುಗಿಯುವುದು 20ಕ್ಕೆ.